ಜರ್ಮನ್ ವಾಕ್ಯದಲ್ಲಿ ಕರ್ತೃವನ್ನು ಹುಡುಕುವುದು

ಪ್ರಶ್ನೆ: ಪಠ್ಯಪುಸ್ತಕದ ಫೋಟೊದಲ್ಲಿರುವ ‘ಡೇನ್ ಬಾಲ್ ಗೀಪ್ಟ್ ಡೇರ್ ಫಾಟರ್ ಡೇಮ್ ಕಿಂಟ್’ ಅಂದರೆ ಏನು? ಬಾಲ್ ಮೊದಲಿದೆ, ಹಾಗಾದರೆ ಅದೇ ಕರ್ತೃವೇ?

ಉತ್ತರ: ಅಲ್ಲ. ‘ಚೆಂಡನ್ನು ಅಪ್ಪ ಮಗುವಿಗೆ ಕೊಡುತ್ತಾನೆ’ ಎಂದರ್ಥ.

ಕನ್ನಡದಲ್ಲಿ ವಿಭಕ್ತಿ ನಾಮಪದದ ಕೊನೆಗೆ ಅಂಟುತ್ತದೆ. ಜರ್ಮನ್‌ನಲ್ಲಿ ಅದು ಬಹುಮಟ್ಟಿಗೆ ನಾಮಪದದ ಮುಂದಿರುವ ಪುಟ್ಟ ಪದದಲ್ಲಿ ಕಾಣಿಸುತ್ತದೆ. ಬಾಲ್, ಫಾಟರ್ ಎರಡೂ ಪುಲ್ಲಿಂಗ: ‘ಡೇರ್’ ಇದ್ದರೆ ಕರ್ತೃ, ‘ಡೇನ್’ ಇದ್ದರೆ ನಮ್ಮ ‘ಅನ್ನು’. ಕಿಂಟ್ ನಪುಂಸಕ, ಮೂಲರೂಪ ‘ಡಾಸ್ ಕಿಂಟ್’. ‘ಡೇಮ್’ ಆದಾಗ ನಮ್ಮ ‘ಗೆ’. ಹಾಗಾಗಿ ಚೆಂಡು ಮುಂದೆ ಬಂದರೂ ಅರ್ಥ ಕೆಡುವುದಿಲ್ಲ. ಒತ್ತು ಮಾತ್ರ ಅದರ ಮೇಲೆ ಬೀಳುತ್ತದೆ.

ಕ್ರಿಯಾಪದ ಮಾತ್ರ ಕದಲದು. ಇಂಥ ಹೇಳಿಕೆಯ ವಾಕ್ಯದಲ್ಲಿ ಅದು 2ನೇ ಸ್ಥಾನದಲ್ಲೇ ಇರಬೇಕು. ಸ್ಥಾನ ಎಂದರೆ ಪದವಲ್ಲ, ಪದಗುಚ್ಛ: ‘ಡೇನ್ ಬಾಲ್’ ಎರಡೂ ಸೇರಿ ಒಂದು ಸ್ಥಾನ. ಆಮೇಲೆ ಕ್ರಿಯಾಪದ, ಅದರ ಹಿಂದೆ ಅಪ್ಪ. ಕನ್ನಡಿಗರು ಅಭ್ಯಾಸಬಲದಿಂದ ಕ್ರಿಯಾಪದವನ್ನು ಕೊನೆಗೆ ತಳ್ಳಿ ತಪ್ಪುವುದು ಇಲ್ಲೇ.

ಫೋಟೊ ಮಸುಕಾದರೆ ‘ಡೇನ್’, ‘ಡೇಮ್’ಗಳ ಕೊನೆಯಕ್ಷರ ಒಂದೇ ಥರ ಕಾಣುತ್ತದೆ. ಮುಂದಿನ ನಾಮಪದ ನೋಡಿ: ಏಕವಚನದ ‘ಕಿಂಟ್’ ಮುಂದೆ ‘ಡೇನ್’ ಬರಲಾರದು, ‘ಮಕ್ಕಳಿಗೆ’ ಎನ್ನಲು ‘ಡೇನ್ ಕಿಂಡರ್ನ್’ ಆಗುತ್ತಿತ್ತು.