ತಲಪಾಡಿಯ ಈಚೆಗಿನ ದನ, ಆಚೆಗಿನ ದನ

ಬೆಂಗಳೂರಿನಲ್ಲಿರುವ ಸ್ನೇಹಿತರೊಬ್ಬರು ಕೇಳಿದರು: "ನಿಮ್ಮಲ್ಲಿ ಅರ್ಧ ದನಗಳು ಕೇರಳದಿಂದಲೇ ಬರುತ್ತವಲ್ಲ, ಸತ್ತರೆ ಯಾವ ರಾಜ್ಯದವರು ವಿಮೆ ಕೊಡುತ್ತಾರೆ? ಒಂದು ದನಕ್ಕೆ ಇಷ್ಟೊಂದು ಕಾಗದ ಯಾಕೆ?" ಮಂಗಳೂರಿನಿಂದ ತಲಪಾಡಿ ದಾಟಿದರೆ ಕೇರಳದ ಮಂಜೇಶ್ವರ. ನಮ್ಮ ನೆಂಟಸ್ತಿಕೆ, ಭಾಷೆ, ದನದ ವ್ಯಾಪಾರ ಎಲ್ಲವೂ ಗಡಿಯ ಎರಡೂ ಕಡೆ ಹರಡಿಕೊಂಡಿವೆ. ಹಾಲು ಕೊಡುವ ದನವನ್ನು ಅಲ್ಲಿಂದ ತಂದು ಇಲ್ಲಿನ ಹಟ್ಟಿಯಲ್ಲಿ ಕಟ್ಟುವುದು ನಮಗೆ ಪಕ್ಕದ ಊರಿನಿಂದ ತಂದಷ್ಟೇ ಸಹಜ. ವಿಮೆಗೂ ರಾಜ್ಯ ಮುಖ್ಯವಲ್ಲ, ಕಿವಿಯೋಲೆ ಮುಖ್ಯ.

ದನದ ಕಿವಿಗೆ ಹಾಕುವ ಹಳದಿ ಓಲೆಯಲ್ಲಿರುವ 12 ಅಂಕಿಗಳ ಸಂಖ್ಯೆ ಇಡೀ ದೇಶಕ್ಕೆ ಒಂದೇ ಕ್ರಮದ್ದು. ಮಂಜೇಶ್ವರದಲ್ಲಿ ಹಾಕಿದ ಓಲೆ ಬಂಟ್ವಾಳದಲ್ಲಿಯೂ ನಡೆಯುತ್ತದೆ. ಪಾಲಿಸಿಯಲ್ಲಿ ಬರೆಯುವುದೂ ಆ ಸಂಖ್ಯೆಯನ್ನೇ. ಓಲೆ ಇಲ್ಲದಿದ್ದರೆ ಪರಿಹಾರವಿಲ್ಲ ಎಂಬ ಷರತ್ತು ಈ ಪಾಲಿಸಿಗಳಲ್ಲಿ ಸಾಮಾನ್ಯ, ಏಕೆಂದರೆ ಸತ್ತದ್ದು ವಿಮೆ ಮಾಡಿಸಿದ ದನವೇ ಎಂದು ಹೇಳುವ ಗುರುತು ಅದೊಂದೇ. ಆದ್ದರಿಂದ ದನ ಕೊಂಡಾಗ ಹಳೆಯ ಓಲೆ ಕಿತ್ತು ಹೊಸದನ್ನು ಹಾಕಿಸಬಾರದು. ಅದೇ ಸಂಖ್ಯೆಯ ದಾಖಲೆಯಲ್ಲಿ ಮಾಲೀಕರ ಹೆಸರನ್ನು ಬದಲಿಸಿಕೊಳ್ಳಬೇಕು. ಮಾರಿದವರ ಪಾಲಿಸಿಯ ಅವಧಿ ಇನ್ನೂ ಉಳಿದಿದ್ದರೆ ಅದನ್ನೂ ನಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು.

ನಾವು ಸದಾ ಗುದ್ದಾಡುವುದು ಇಲ್ಲಿಯೇ. ನಮ್ಮ ನೆರೆಮನೆಯ ಅಕ್ಕನೊಬ್ಬರು ಮಂಜೇಶ್ವರದ ಕಡೆಯಿಂದ ಒಂದು ಮಿಶ್ರತಳಿಯ ದನ ತಂದು, ಅದರ ಓಲೆಯ ಸಂಖ್ಯೆಯಲ್ಲಿಯೇ ವಿಮೆ ಮಾಡಿಸಿದ್ದರು. ಮಳೆಗಾಲದಲ್ಲಿ ಗುಡ್ಡೆಗೆ ಬಿಟ್ಟ ದನ ಮುಳ್ಳಿನ ಬೇಲಿಗೆ ಸಿಕ್ಕಿ, ಕಿವಿ ಹರಿದು, ಓಲೆ ಎಲ್ಲಿಯೋ ಬಿದ್ದುಹೋಯಿತು. ಮುಂದೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದವರು ಓಲೆ ಇಲ್ಲದ್ದನ್ನು ಕಂಡು ಹೊಸದೊಂದನ್ನು ಹಾಕಿ, ಅದನ್ನು ಹೊಸ ದನವೆಂದೇ ನಮೂದಿಸಿ ಹೋದರು. ಆಮೇಲೆ ದನ ಹಾವು ಕಚ್ಚಿ ಸತ್ತಿತು. ದಾಖಲೆಯಲ್ಲಿ ಹಳೆಯ ಸಂಖ್ಯೆಯ ದನ ಮಂಜೇಶ್ವರದ ಮಾಲೀಕರ ಹೆಸರಿನಲ್ಲಿ ಇನ್ನೂ ಬದುಕಿದೆ. ಹೊಸ ಸಂಖ್ಯೆಯ ದನಕ್ಕೆ ಪಾಲಿಸಿಯೇ ಇಲ್ಲ. ಓಲೆ ಬಿದ್ದ ಕೂಡಲೇ ವಿಮೆಯವರಿಗೆ ಲಿಖಿತವಾಗಿ ತಿಳಿಸಿ, ಹಳೆಯ ಮತ್ತು ಹೊಸ ಸಂಖ್ಯೆ ಎರಡನ್ನೂ ಬರೆದ ಪಶುವೈದ್ಯರ ದೃಢೀಕರಣ ಕೊಟ್ಟು, ಪಾಲಿಸಿಯಲ್ಲಿ ತಿದ್ದುಪಡಿ ಮಾಡಿಸಬೇಕಿತ್ತು. ಆ ಮಾತನ್ನು ಓಲೆ ಹಾಕಿದವರೂ ಹೇಳಲಿಲ್ಲ, ವಿಮೆ ಮಾಡಿಸಿದವರೂ ಹೇಳಿರಲಿಲ್ಲ. ಅಕ್ಕನ ಅರ್ಜಿ ತಿರಸ್ಕೃತವಾಯಿತು. ಆಕೆ ಸುಳ್ಳು ದನ ತೋರಿಸಿದರೆಂಬ ಧ್ವನಿಯಲ್ಲಿ ಬಂದ ಆ ಪತ್ರ ನನ್ನನ್ನು ಇಂದಿಗೂ ಕೆರಳಿಸುತ್ತದೆ.

ದನ ಸತ್ತಾಗ ಮಾಡಬೇಕಾದದ್ದು ಹೆಚ್ಚೇನಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ವಿಮೆಯವರಿಗೂ ಪಶುವೈದ್ಯರಿಗೂ ತಿಳಿಸಬೇಕು. ನಮ್ಮಲ್ಲಿ ಹಾಲಿನ ಸೊಸೈಟಿಯ ಕಾರ್ಯದರ್ಶಿಯ ಮೂಲಕ ಇದು ಬೇಗ ಆಗುತ್ತದೆ. ಓಲೆ ಕಿವಿಯಲ್ಲಿರುವಂತೆಯೇ, ಸಂಖ್ಯೆ ಓದಲು ಬರುವಂತೆ ಹತ್ತಿರದಿಂದ ಒಂದು ಫೋಟೋ, ಇಡೀ ದನದ್ದು ಇನ್ನೊಂದು ಫೋಟೋ ತೆಗೆಯಬೇಕು. ಓಲೆಯನ್ನು ನಾವೇ ಕೀಳಬಾರದು. ಮರಣೋತ್ತರ ಪರೀಕ್ಷೆಯಾದ ಮೇಲೆ ವೈದ್ಯರೇ ಅದನ್ನು ತೆಗೆದುಕೊಡಬೇಕು. ವೈದ್ಯರು ನೋಡುವ ಮೊದಲು ಹೂಳಲೂಬಾರದು. ಆಟಿಯ ಮಳೆಯಲ್ಲಿ ಸಂಜೆ ಸತ್ತ ದನವನ್ನು ಬೆಳಗಿನವರೆಗೆ ಟಾರ್ಪಾಲು ಮುಚ್ಚಿ, ನಾಯಿ ಮುಟ್ಟದಂತೆ ಕಾಯುವುದು ಎಷ್ಟು ಕಷ್ಟವೆಂದು ಪೇಟೆಯವರಿಗೆ ತಿಳಿಯದು. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪುರಕ್ತ ಬರುತ್ತಿದ್ದರೆ ಮಾತ್ರ ಯಾರೂ ಹತ್ತಿರ ಹೋಗಬಾರದು. ಅದು ನೆರಡಿ ರೋಗವಿರಬಹುದು. ಅಂಥ ಹೆಣವನ್ನು ಕೊಯ್ಯುವಂತಿಲ್ಲ, ವೈದ್ಯರು ರಕ್ತದ ಲೇಪವನ್ನಷ್ಟೇ ಪರೀಕ್ಷಿಸಿ ಆಳವಾಗಿ ಹೂಳಿಸುತ್ತಾರೆ.

ಪರೀಕ್ಷಾ ವರದಿ, ಪಾಲಿಸಿ, ಭರ್ತಿ ಮಾಡಿದ ಅರ್ಜಿ, ಓಲೆ, ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ: ಕಾಗದವೆಂದರೆ ಇಷ್ಟೇ. ಕೊಡುವ ಮೊದಲು ಪ್ರತಿಯೊಂದರಲ್ಲಿಯೂ ಆ 12 ಅಂಕಿಗಳನ್ನು ಬೆರಳಿಟ್ಟು ಓದಿ ಹೋಲಿಸಬೇಕು. ಒಂದು ಅಂಕಿ ತಪ್ಪಿದರೂ ಅರ್ಜಿ ಹಿಂದೆ ಬರುತ್ತದೆ, ಆಗ ತಿದ್ದಿಸಲು ಓಲೆಯೂ ನಮ್ಮ ಕೈಯಲ್ಲಿರುವುದಿಲ್ಲ.

ಬೆಂಗಳೂರಿನ ಸ್ನೇಹಿತರ ಪ್ರಶ್ನೆಗೆ ನನ್ನ ಉತ್ತರ ಇದು: ದನ ಕರ್ನಾಟಕದ್ದೇ, ಸಾಕಿದವರೂ ಇಲ್ಲಿಯವರೇ, ಹಾಲು ಹೋಗುವುದೂ ಮಂಗಳೂರಿನ ಕುಲಶೇಖರದ ಡೈರಿಗೇ. ಮಂಜೇಶ್ವರದಲ್ಲಿ ಹಾಕಿದ ಓಲೆಯೆಂಬ ಕಾರಣಕ್ಕೆ ನಮ್ಮ ಅರ್ಜಿಯನ್ನು ಅನುಮಾನದಿಂದ ನೋಡುವ ಬದಲು, ಲಸಿಕೆ ಹಾಕಲು ಬರುವವರು ಹೊಸ ಓಲೆ ಚುಚ್ಚುವ ಮುನ್ನ "ಹಳೆಯ ಸಂಖ್ಯೆ ಯಾವುದು, ವಿಮೆ ಇದೆಯೇ?" ಎಂದು ಮನೆಯವರನ್ನು ಕೇಳಿ ಬರೆದುಕೊಳ್ಳಲಿ.