ಮೊದಲ ಸಂದೇಶದಲ್ಲಿ ಕಾರಣ ಬೇಡ

"ಕಾರ್ಡ್ ಪಾವತಿ ನಿಂತುಹೋಗಿದೆ, ಕಾರಣ ಇನ್ನೂ ಸಿಕ್ಕಿಲ್ಲ. ಗ್ರಾಹಕರಿಗೆ ಏನಂತ ಬರೆಯಲಿ?"

ಕಾರಣಕ್ಕೆ ಕಾಯಬೇಡಿ, ಈಗಲೇ ಹಾಕಿ. ಗ್ರಾಹಕರಿಗೆ ಕಾಣುತ್ತಿರುವುದನ್ನಷ್ಟೇ ಬರೆಯಿರಿ:

"ಬೆಳಿಗ್ಗೆ 10:20ರಿಂದ ಕಾರ್ಡ್ ಪಾವತಿ ಆಗುತ್ತಿಲ್ಲ. ಲಾಗಿನ್, ಹಳೆಯ ಆರ್ಡರ್‌ಗಳಿಗೆ ತೊಂದರೆಯಿಲ್ಲ. ಕಾರಣ ಹುಡುಕುತ್ತಿದ್ದೇವೆ. ಸದ್ಯಕ್ಕೆ ಮತ್ತೆ ಮತ್ತೆ ಪಾವತಿಸಬೇಡಿ. ಮುಂದಿನ ಮಾಹಿತಿ 11:00ಕ್ಕೆ."

'ಪಾವತಿಸಬೇಡಿ' ಅನ್ನೋ ಸಾಲು ಬಿಡಲೇಬೇಡಿ. ಅದಿಲ್ಲದಿದ್ದರೆ ಕೆಲವರ ಹಣ ಎರಡು ಸಲ ಕಡಿತವಾಗಬಹುದು.

"ಅರ್ಧ ಗಂಟೆಯಲ್ಲಿ ಸರಿಹೋಗುತ್ತೆ" ಅಂತ ಸುಮ್ನೆ ಹೇಳಬೇಡಿ. ರಿಪೇರಿ ಯಾವಾಗ ಮುಗಿಯುತ್ತೆ ಅನ್ನೋದು ನಿಮ್ಮ ಕೈಲಿಲ್ಲ, ಮುಂದಿನ ಸಂದೇಶದ ಸಮಯ ಇದೆ ಅಲ್ವಾ? 11ಕ್ಕೆ ಹೊಸದೇನೂ ಇಲ್ಲದಿದ್ದರೆ ಅದನ್ನೇ ಬರೆಯಿರಿ.

ಡೇಟಾಬೇಸ್ ಮೇಲಿನ ಅನುಮಾನ, ಪಾವತಿ ಕಂಪನಿಯ ಹೆಸರು ಈಗ ಬೇಡ. ಲೆಕ್ಕ ತಾಳೆ ನೋಡದೆ "ನಿಮ್ಮ ಹಣ ಸುರಕ್ಷಿತ" ಅಂತಲೂ ಬರೆಯಬೇಡಿ.