ಹೇಳಿದ ದರ ಒಂದು, ಖರೀದಿಯಾದ ದರ ಇನ್ನೊಂದು: ಬ್ರೋಕರ್‌ಗೆ ದೂರು ಬರೆಯೋದು ಹೇಗೆ?

ಪ್ರಶ್ನೆ: ಯಾದಗಿರಿಯ ಬ್ರೋಕರ್ ಆಫೀಸಿಗೆ ಫೋನ್ ಮಾಡಿ 412ಕ್ಕೆ ಲಿಮಿಟ್ ಹಾಕಿ 200 ಶೇರು ತಗೊಳ್ರಿ ಅಂದಿದ್ದೆ. 418.60ಕ್ಕೆ ತಗೊಂಡಾರ. ದೂರಿನಲ್ಲಿ ಏನು ಬರೀಲಿ, ಯಾವ ದಾಖಲೆ ಹಚ್ಚಲಿ?

ಮೊದಲು ಖರೀದಿಯ ವಿವರ ಬರೆದು ಬ್ರೋಕರ್ ಕಳಿಸೋ ಕಾಂಟ್ರಾಕ್ಟ್ ನೋಟ್ ತೆಗೆದು ಆ 418.60 ಯಾವ ಕಾಲಮ್ಮಿನಲ್ಲಿದೆ ನೋಡ್ರಿ. ಗ್ರಾಸ್ ರೇಟ್ ಅಂದ್ರೆ ಎಕ್ಸ್‌ಚೇಂಜ್‌ನಲ್ಲಿ ನಡೆದ ದರ, ನೆಟ್ ರೇಟ್‌ನಲ್ಲಿ ಬ್ರೋಕರೇಜ್ ಸೇರಿರುತ್ತದೆ. ಗ್ರಾಸ್ ರೇಟೇ 418.60 ಇದ್ರೆ ದೂರಿಗೆ ಬಲ ಉಂಟು.

412ರ ಲಿಮಿಟ್ ಹಾಕಿದ ಖರೀದಿ ಆರ್ಡರ್ ಎಕ್ಸ್‌ಚೇಂಜ್‌ನಲ್ಲಿ 412ಕ್ಕಿಂತ ಮೇಲೆ ಪೂರೈಸೋದೇ ಇಲ್ಲ. ಹಂಗಾದ್ರೆ ನಿಮ್ಮ ಆರ್ಡರ್ ಆಗ ಸಿಕ್ಕ ದರಕ್ಕೆ ಕೊಳ್ಳೋ ಮಾರ್ಕೆಟ್ ಆರ್ಡರ್ ಆಗಿ ಹೋಗಿರಬೇಕು, ಇಲ್ಲಾ ಬೇರೆ ದರ ಒತ್ತಿರಬೇಕು. "ತಪ್ಪು ದರ ಹಾಕೀರಿ" ಅಂತ ಬರೆದ್ರೆ "ಮಾರ್ಕೆಟ್ ಓಡಿತ್ತು ಸರ್" ಅನ್ನೋ ಉತ್ತರ ಬರ್ತದೆ. ಕಲಬುರಗಿಯ ಒಂದು ಆಫೀಸು ನನಗೂ ಇದನ್ನೇ ಹೇಳಿತ್ತು. ಅದಕ್ಕೇ ಹೀಗೆ ಕೇಳ್ರಿ:

"ದಿನಾಂಕ __, ಸಮಯ __ಕ್ಕೆ ನನ್ನ ನೋಂದಾಯಿತ ಮೊಬೈಲಿನಿಂದ ಫೋನ್ ಮಾಡಿ, 200 ಶೇರುಗಳನ್ನು 412 ರೂ. ಲಿಮಿಟ್ ದರಕ್ಕೆ ಖರೀದಿಸಲು ತಿಳಿಸಿದ್ದೆ. ಆರ್ಡರ್ ಸಂಖ್ಯೆ __, ಟ್ರೇಡ್ ಸಂಖ್ಯೆ __ರ ಪ್ರಕಾರ 418.60ಕ್ಕೆ ಖರೀದಿಯಾಗಿದೆ. ಈ ಆರ್ಡರ್ ಯಾವ ಬಗೆಯಲ್ಲಿ, ಯಾವ ದರದಲ್ಲಿ ಎಕ್ಸ್‌ಚೇಂಜ್‌ಗೆ ಹೋಯಿತು ಎಂಬ ಆರ್ಡರ್ ಲಾಗ್ ಮತ್ತು ಕರೆಯ ರೆಕಾರ್ಡಿಂಗ್ ಕೊಡಿ."

ರೆಕಾರ್ಡಿಂಗ್ ಕೇಳೋಕೆ ಹಿಂಜರೀಬ್ಯಾಡ್ರಿ. ಗ್ರಾಹಕ ಆರ್ಡರ್ ಕೊಟ್ಟದ್ದಕ್ಕೆ ಬ್ರೋಕರ್ ಪುರಾವೆ ಇಟ್ಟಿರಬೇಕು, ತಕರಾರು ಬಂದ್ರೆ ಸಾಬೀತು ಮಾಡೋ ಹೊಣೆ ಅವರದೇ ಅಂತ ಸೆಬಿ ನಿಯಮ ಇದೆ.

ಪತ್ರದ ಜೊತೆ ಕಾಂಟ್ರಾಕ್ಟ್ ನೋಟ್ ಹಚ್ಚರಿ. ಅದರ ಅನುಬಂಧವನ್ನೂ ಬಿಡಬ್ಯಾಡ್ರಿ: ಮೊದಲ ಹಾಳೆಯಲ್ಲಿ ಬರೀ ಸರಾಸರಿ ದರ ಇರಬಹುದು, ಒಂದೊಂದು ಟ್ರೇಡಿನ ಸಮಯ ಮತ್ತು ದರ ಅನುಬಂಧದಲ್ಲೇ ಸಿಗೋದು. ನಿಮ್ಮ ಫೋನಿನ ಕಾಲ್ ಲಾಗ್, ಆ್ಯಪಿನ ಆರ್ಡರ್ ಬುಕ್ಕಿನ ಸ್ಕ್ರೀನ್‌ಶಾಟ್ ಕೂಡ ಬೇಕು. ಬಹಳ ಆ್ಯಪ್‌ಗಳಲ್ಲಿ ಆ ಪುಟ ಮರುದಿನ ಖಾಲಿಯಾಗಿರ್ತದೆ, ಅದಕ್ಕೇ ಅವತ್ತೇ ತೆಗೀಬೇಕು. ಎನ್‌ಎಸ್‌ಇ ಜಾಲತಾಣದಲ್ಲಿ ಟ್ರೇಡ್ ವೆರಿಫಿಕೇಶನ್ ಅಂತ ಪುಕ್ಕಟೆ ಸೌಲಭ್ಯ ಇದೆ, ಅದೂ ಕೆಲವೇ ದಿನ ತೋರಿಸ್ತದೆ.

ಪರಿಹಾರ ಎಷ್ಟು ಕೇಳೋದು? ವ್ಯತ್ಯಾಸ 6.60, 200 ಶೇರಿಗೆ 1,320 ರೂ. ಆದ್ರೆ ನೀವು ಫೋನ್ ಮಾಡಿದ ಮೇಲೆ ಅವತ್ತು ದರ 412ಕ್ಕೆ ಇಳಿದಿತ್ತಾ ನೋಡ್ರಿ. ಇಳಿಯದೇ ಇದ್ರೆ ನಿಮ್ಮ ಲಿಮಿಟ್ ಆರ್ಡರ್ ಪೂರೈಸ್ತಾನೇ ಇರಲಿಲ್ಲ, ಬ್ರೋಕರ್ ಅದನ್ನೇ ಹಿಡ್ಕೊಂಡು ವಾದ ಮಾಡ್ತಾರ. ಆಗ 1,320 ಕೇಳೋದಕ್ಕಿಂತ "ಈ ಖರೀದಿ ನಾನು ಹೇಳಿದ್ದಲ್ಲ, ವಾಪಸ್ ತಗೊಳ್ರಿ" ಅಂತ ಕೇಳೋದೇ ಸರಿ. ಇದನ್ನು ಅದೇ ದಿನ ಹೇಳಬೇಕು. ಶೇರು ಏರ್ತದಾ ಇಳೀತದಾ ಅಂತ ತಿಂಗಳು ಕಾಯ್ದು ಕೇಳಿದ್ರೆ ಯಾರೂ ನಂಬಲ್ಲ.

ಆಫೀಸಿನ ಹುಡುಗನ ವಾಟ್ಸಾಪಿಗೆ ಕಳಿಸಿ ಸುಮ್ಮನಾಗಬ್ಯಾಡ್ರಿ, ಕಾಂಟ್ರಾಕ್ಟ್ ನೋಟ್‌ನಲ್ಲಿರೋ ಕಂಪ್ಲಯನ್ಸ್ ಅಧಿಕಾರಿಯ ಇಮೇಲಿಗೆ ಹಾಕ್ರಿ. ಅವರ ಉತ್ತರ ಒಪ್ಪಿಗೆಯಾಗದಿದ್ರೆ, ಇದೇ ಪತ್ರ ಮತ್ತು ದಾಖಲೆ ಸೆಬಿಯ ದೂರಿನ ಜಾಲತಾಣ scores.sebi.gov.in ನಲ್ಲಿ ಹಾಕ್ರಿ. ಅಲ್ಲಿ ದೂರಿಗೆ ಬ್ರೋಕರ್ 21 ದಿನದೊಳಗೆ ಉತ್ತರ ಕೊಡಬೇಕಾಗ್ತದೆ.